ಇಂಗಾಲಕ್ಕೆ ಎಟುಕುವ ಲೋಹ, ಎಟುಕದ ಲೋಹ

ಕೆಮ್ಮಣ್ಣುಗುಂಡಿಯ ಕಬ್ಬಿಣದ ಅದಿರನ್ನು ನುಣ್ಣಗೆ ಅರೆದು, ಅಷ್ಟೇ ನುಣ್ಣಗಿನ ಇದ್ದಿಲ ಪುಡಿಯೊಂದಿಗೆ ಬೆರೆಸಿ ಗಾಜಿನ ಜಾಡಿಯಲ್ಲಿ ಮುಚ್ಚಿಟ್ಟರೆ ಏನೂ ಆಗುವುದಿಲ್ಲ. ನೂರು ವರ್ಷ ಬಿಟ್ಟು ಮುಚ್ಚಳ ತೆಗೆದರೂ ಕೆಂಪು ಕೆಂಪಾಗಿಯೇ, ಕಪ್ಪು ಕಪ್ಪಾಗಿಯೇ ಇರುತ್ತದೆ. ಅದೇ ಪುಡಿಯನ್ನು ಮೂಸೆಗೆ ಹಾಕಿ ಸಾವಿರ ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ ಹಿಡಿದರೆ ಕೆಲವು ಗಂಟೆಗಳಲ್ಲಿ ಅದಿರಿನ ಆಮ್ಲಜನಕ ಗಾಳಿಗೆ ಹೋಗಿ, ಸ್ಪಂಜಿನಂತಹ ಬೂದು ಕಬ್ಬಿಣ ಕೈಗೆ ಬರುತ್ತದೆ. ಕಬ್ಬಿಣದ ಅದಿರಿನ ಬದಲು ಬೆಳಗಾವಿ ಕಡೆಯ ಬಾಕ್ಸೈಟನ್ನು ಇದ್ದಿಲಿನೊಂದಿಗೆ ಬೆರೆಸಿ ಅಷ್ಟೇ ಬಿಸಿಗೆ, ಅಷ್ಟೇ ಹೊತ್ತು ಇಟ್ಟರೆ ಅದರೊಳಗಿನ ಅಲ್ಯೂಮಿನಿಯಮ್‌ನ ಒಂದು ಕಣವೂ ಹೊರಬರುವುದಿಲ್ಲ. ಬಾಕ್ಸೈಟಿಗೆ ಕೆಂಪು ಬಣ್ಣ ಕೊಟ್ಟಿದ್ದ ಅಲ್ಪಸ್ವಲ್ಪ ಕಬ್ಬಿಣವಷ್ಟೇ ಬಿಡುಗಡೆಯಾಗುತ್ತದೆ.

ಹತ್ತನೇ ತರಗತಿಯ ಪುಸ್ತಕದಲ್ಲಿ ಇದಕ್ಕೊಂದು ನಿಯಮವಿದೆ. ಲೋಹಗಳನ್ನು ಕ್ರಿಯಾಶೀಲತೆಯ ಕ್ರಮದಲ್ಲಿ ಮೇಲಿಂದ ಕೆಳಕ್ಕೆ ಬರೆಯುತ್ತಾರೆ: ಪೊಟ್ಯಾಸಿಯಮ್, ಸೋಡಿಯಮ್, ಕ್ಯಾಲ್ಸಿಯಮ್, ಮೆಗ್ನೀಸಿಯಮ್, ಅಲ್ಯೂಮಿನಿಯಮ್, ಆಮೇಲೆ ಸತು, ಕಬ್ಬಿಣ, ತವರ, ಸೀಸ, ಕೊನೆಗೆ ತಾಮ್ರ, ಬೆಳ್ಳಿ, ಚಿನ್ನ. ಅಲ್ಯೂಮಿನಿಯಮ್ ಮತ್ತು ಸತುವಿನ ನಡುವೆ ಇಂಗಾಲದ ಹೆಸರನ್ನು ತೂರಿಸಿ, ಅದಕ್ಕಿಂತ ಕೆಳಗಿನ ಲೋಹಗಳನ್ನು ಇಂಗಾಲದಿಂದ ತೆಗೆಯಿರಿ, ಮೇಲಿನವನ್ನು ವಿದ್ಯುದ್ವಿಭಜನೆಯಿಂದ ತೆಗೆಯಿರಿ ಎನ್ನುತ್ತಾರೆ. ಪರೀಕ್ಷೆಗೆ ಇಷ್ಟು ಸಾಕು, ನಿಯಮ ತಪ್ಪೂ ಅಲ್ಲ. ಆದರೆ ಅದು ಮುಖ್ಯವಾದ ಒಂದು ಸಂಗತಿಯನ್ನು ಮರೆಮಾಡುತ್ತದೆ ಎಂದು ನನಗೆ ಅನ್ನಿಸುತ್ತದೆ. ಆ ಪಟ್ಟಿಯಲ್ಲಿ ಇಂಗಾಲಕ್ಕೆ ಕಾಯಂ ಜಾಗವಿಲ್ಲ. ಬಿಸಿ ಏರಿದಂತೆ ಅದು ಪಟ್ಟಿಯಲ್ಲಿ ಮೇಲೇರುತ್ತ ಹೋಗುತ್ತದೆ. ಯಾವ ಲೋಹದವರೆಗೆ ಏರಿಸುವುದು ನಮ್ಮ ಕುಲುಮೆಗೆ ಸಾಧ್ಯ, ಎಲ್ಲಿ ಏರಿಸಿದರೂ ಪ್ರಯೋಜನವಿಲ್ಲ ಎಂಬುದೇ ಲೋಹ ತೆಗೆಯುವವರ ನಿಜವಾದ ಪ್ರಶ್ನೆ.

ತಣ್ಣಗಿರುವಾಗಿನ ಲೆಕ್ಕವನ್ನು ಮೊದಲು ನೋಡೋಣ. ಮೂವತ್ತೆರಡು ಗ್ರಾಂ ಆಮ್ಲಜನಕವನ್ನು ಕಬ್ಬಿಣದೊಂದಿಗೆ ಕೂಡಿಸಿ ಕೆಂಪು ಆಕ್ಸೈಡ್ ಮಾಡಿದರೆ ಸುಮಾರು 550 ಕಿಲೋಜೂಲ್ ಶಾಖ ಹೊರಬರುತ್ತದೆ. ಅಷ್ಟೇ ಆಮ್ಲಜನಕವನ್ನು ಇಂಗಾಲದೊಂದಿಗೆ ಪೂರ್ತಿ ಉರಿಸಿದರೆ ಸಿಗುವುದು ಸುಮಾರು 394 ಕಿಲೋಜೂಲ್. ಅಲ್ಯೂಮಿನಿಯಮ್‌ನೊಂದಿಗೆ ಕೂಡಿಸಿದರೆ ಸುಮಾರು 1,117. ಕೂಡುವಾಗ ಎಷ್ಟು ಶಾಖ ಹೊರಬಂತೋ ಬಿಡಿಸುವಾಗ ಅಷ್ಟನ್ನೇ ತೆರಬೇಕು. ಹಾಗಾಗಿ ಆಮ್ಲಜನಕವನ್ನು ಇಂಗಾಲ ಹಿಡಿಯುವುದಕ್ಕಿಂತ ಬಿಗಿಯಾಗಿ ಕಬ್ಬಿಣವೇ ಹಿಡಿದುಕೊಂಡಿದೆ. ಈ ಅಂಕಿಗಳನ್ನಷ್ಟೇ ನೋಡಿದವರು ಇದ್ದಿಲಿನಿಂದ ಕಬ್ಬಿಣ ತೆಗೆಯುವುದು ಆಗದ ಮಾತು ಎಂದುಬಿಡಬೇಕು. ಆದರೂ ಮೂರು ಸಾವಿರ ವರ್ಷಗಳಿಂದ ಜನ ಇದ್ದಿಲಿನಲ್ಲೇ ಕಬ್ಬಿಣ ತೆಗೆದಿದ್ದಾರೆ.

ಇದಕ್ಕೆ ಕಾರಣ ಇಂಗಾಲದ ಆಕ್ಸೈಡ್ ಅನಿಲವಾಗಿರುವುದು. ಕಬ್ಬಿಣವೋ ಅಲ್ಯೂಮಿನಿಯಮ್ಮೋ ಆಮ್ಲಜನಕದೊಂದಿಗೆ ಕೂಡಿದಾಗ ಹಾರಾಡುತ್ತಿದ್ದ ಅನಿಲ ಗಟ್ಟಿ ಕಲ್ಲಿನೊಳಗೆ ಬಂಧಿಯಾಗುತ್ತದೆ. ಇಂಗಾಲದಲ್ಲಿ ಇದು ತಿರುಗುಮುರುಗು. ಬಿಸಿಯಲ್ಲಿ ಒಂದು ಪಾಲು ಆಮ್ಲಜನಕ ಅನಿಲ ಗಟ್ಟಿ ಇಂಗಾಲವನ್ನು ಸೇರಿ ಎರಡು ಪಾಲು ಕಾರ್ಬನ್ ಮಾನಾಕ್ಸೈಡ್ ಅನಿಲವಾಗುತ್ತದೆ, ಅಂದರೆ ಅನಿಲದ ಪ್ರಮಾಣವೇ ಹೆಚ್ಚುತ್ತದೆ. ವಸ್ತು ಚದುರಿ ಹರಡುವ ದಿಕ್ಕಿಗೆ ಪ್ರಕೃತಿಯಲ್ಲಿ ಒಂದು ಒಲವಿದೆ. ಆ ಒಲವಿನ ಬಲ ಉಷ್ಣತೆಗೆ ತಕ್ಕಂತೆ ಬೆಳೆಯುತ್ತದೆ. ತಣ್ಣಗಿದ್ದಾಗ ಅದು ಶಾಖದ ಲೆಕ್ಕದ ಮುಂದೆ ದುರ್ಬಲ. ಕುಲುಮೆಯ ಬಿಸಿಯಲ್ಲಿ ಅದರದೇ ಮೇಲುಗೈ. ಉಷ್ಣತೆ ಏರಿದಂತೆ ಪ್ರತಿಯೊಂದು ಲೋಹದ ಹಿಡಿತವೂ ಸಡಿಲವಾಗುತ್ತ ಬರುತ್ತದೆ, ಇಂಗಾಲದ ಹಿಡಿತ ಮಾತ್ರ ಬಿಗಿಯಾಗುತ್ತ ಹೋಗುತ್ತದೆ. ಎಲ್ಲೋ ಒಂದು ಕಡೆ ಎರಡೂ ಸಮವಾಗುತ್ತವೆ. ಅಲ್ಲಿಂದ ಮುಂದೆ ಆಮ್ಲಜನಕ ಇಂಗಾಲದ ಪಾಲು.

ಈ ಸಮಬಿಂದುಗಳನ್ನು 1944ರಲ್ಲಿ ಹೆರಾಲ್ಡ್ ಎಲ್ಲಿಂಗ್‌ಹ್ಯಾಮ್ ಎಂಬ ಬ್ರಿಟಿಷ್ ರಸಾಯನಶಾಸ್ತ್ರಜ್ಞ ಒಂದೇ ನಕ್ಷೆಯಲ್ಲಿ ಗೆರೆ ಎಳೆದು ತೋರಿಸಿದರು. ಲೋಹಗಳ ಗೆರೆಗಳು ಒಂದರ ಮೇಲೊಂದು ಒಂದೇ ದಿಕ್ಕಿಗೆ ಓರೆಯಾಗಿ ಸಾಗುತ್ತವೆ. ಇಂಗಾಲದ ಗೆರೆ ಅವನ್ನೆಲ್ಲ ಎದುರು ದಿಕ್ಕಿನಿಂದ ಒಂದೊಂದಾಗಿ ಕತ್ತರಿಸುತ್ತ ಇಳಿಯುತ್ತದೆ. ಕಬ್ಬಿಣದ ಗೆರೆಯನ್ನು ಅದು ಸುಮಾರು 700 ಡಿಗ್ರಿಯಲ್ಲಿ ದಾಟುತ್ತದೆ, ಸತುವಿನದನ್ನು 950ರ ಆಸುಪಾಸಿನಲ್ಲಿ, ಮ್ಯಾಂಗನೀಸ್‌ನದನ್ನು 1,400ರ ಹತ್ತಿರ, ಸಿಲಿಕಾನ್‌ನದನ್ನು 1,600ರ ಆಚೆ. ಅಲ್ಯೂಮಿನಿಯಮ್‌ನ ಗೆರೆಯನ್ನು ದಾಟಲು 2,000 ಡಿಗ್ರಿಯನ್ನೂ ಮೀರಬೇಕು. ಲೋಹದ ಲೋಕದ ಅರ್ಧ ಚರಿತ್ರೆ ಈ ನಾಲ್ಕೈದು ಸಂಖ್ಯೆಗಳಲ್ಲಿ ಅಡಗಿದೆ. ಬಾಯಿಂದಲೋ ತಿದಿಯಿಂದಲೋ ಗಾಳಿ ಊದಿ ಮುಟ್ಟಬಹುದಾದ ಬಿಸಿಗೆ ಒಲಿದ ಲೋಹಗಳು ಪ್ರಾಚೀನರಿಗೆ ಸಿಕ್ಕವು. ಉಳಿದವು ಹದಿನೆಂಟು, ಹತ್ತೊಂಬತ್ತನೇ ಶತಮಾನಗಳವರೆಗೆ ಕಾದವು.

ಗೆರೆಗೆ ತೀರಾ ಅಂಟಿಕೊಂಡಿರುವ ಲೋಹ ಸತು. ಇಂಗಾಲ ಅದನ್ನು ಬಿಡಿಸಲು ಸುಮಾರು 950 ಡಿಗ್ರಿ ಬೇಕು, ಆದರೆ ಸತು 907 ಡಿಗ್ರಿಗೇ ಕುದಿದು ಆವಿಯಾಗುತ್ತದೆ. ಆದ್ದರಿಂದ ಹುಟ್ಟುವಾಗಲೇ ಅದು ಆವಿ. ಮಾಮೂಲಿ ಕುಲುಮೆಯಲ್ಲಿ ಆ ಆವಿ ಮೇಲೆದ್ದು, ತಣ್ಣಗಾಗುವ ಹೊತ್ತಿಗೆ ಗಾಳಿಯೋ ಕಾರ್ಬನ್ ಡೈಆಕ್ಸೈಡೋ ಸೋಕಿ ಮತ್ತೆ ಬಿಳಿ ಭಸ್ಮವಾಗುತ್ತದೆ. ಬಾಯಿಯಲ್ಲಿ ಹಸಿರು ಛಾಯೆಯ ನೀಲಿ ಜ್ವಾಲೆ ಕಾಣುತ್ತದೆ, ತಳದಲ್ಲಿ ಲೋಹವಿರುವುದಿಲ್ಲ. ರಾಜಸ್ಥಾನದ ಜಾವರ್‌ನಲ್ಲಿ ಇದಕ್ಕೆ ಕಂಡುಕೊಂಡ ಉಪಾಯವನ್ನು 1980ರ ದಶಕದ ಉತ್ಖನನ ಬೆಳಕಿಗೆ ತಂದಿತು. ಬದನೆಕಾಯಿಯಾಕಾರದ ಮಣ್ಣಿನ ಮೂಸೆಗಳಲ್ಲಿ ಅದಿರು, ಇಂಗಾಲದ ಮಿಶ್ರಣ ತುಂಬಿ, ಉದ್ದ ಕೊಳವೆಯ ಕತ್ತು ಕೆಳಗೆ ಬರುವಂತೆ ಬೋರಲಾಗಿ ಒಂದು ಕುಲುಮೆಯಲ್ಲಿ ಮೂವತ್ತಾರು ಮೂಸೆಗಳನ್ನು ನಿಲ್ಲಿಸುತ್ತಿದ್ದರು. ಬೆಂಕಿ ಮೇಲೆ, ತೂತುಗಳಿದ್ದ ಮಣ್ಣಿನ ಹಲಗೆಯ ಕೆಳಗೆ ತಂಪಾದ ಕೋಣೆ. ಆವಿಗೆ ಕೆಳಗಿಳಿಯುವುದೊಂದೇ ದಾರಿ. ಅಲ್ಲಿ ಗಾಳಿ ಸೋಕದೆ ದ್ರವವಾಗಿ ತೊಟ್ಟಿಕ್ಕುತ್ತಿತ್ತು. ಯುರೋಪಿನಲ್ಲಿ ವಿಲಿಯಂ ಚಾಂಪಿಯನ್ ಸತುವಿನ ಬಟ್ಟಿ ಇಳಿಸುವಿಕೆಗೆ ಪೇಟೆಂಟ್ ಪಡೆದದ್ದು 1738ರಲ್ಲಿ. ಜಾವರ್‌ನ ಕುಲುಮೆಗಳು ಅದಕ್ಕಿಂತ ಶತಮಾನಗಳಷ್ಟು ಹಿಂದಿನವು.

ಕಬ್ಬಿಣಕ್ಕೆ ಅಂಥ ತೊಡಕಿಲ್ಲ. ಆದರೂ ಊದುಕುಲುಮೆಯೊಳಗೆ ನಡೆಯುವುದು ಹೊರಗಿನಿಂದ ಕಾಣುವಷ್ಟು ಸರಳವಲ್ಲ. ಅದಿರು, ಕೋಕ್, ಸುಣ್ಣಕಲ್ಲುಗಳನ್ನು ಪದರಪದರವಾಗಿ ಮೇಲಿನಿಂದ ಸುರಿಯುತ್ತಾರೆ. ಕೆಳಗಿನ ನಳಿಕೆಗಳಿಂದ ಸಾವಿರ ಡಿಗ್ರಿಗೂ ಮೀರಿ ಕಾಯಿಸಿದ ಗಾಳಿ ನುಗ್ಗುತ್ತದೆ. ನಳಿಕೆಯ ಮುಂದೆ ಕೋಕ್ ಉರಿದು ಎರಡು ಸಾವಿರ ಡಿಗ್ರಿ ದಾಟುತ್ತದೆ. ಅಲ್ಲಿ ಹುಟ್ಟಿದ ಕಾರ್ಬನ್ ಡೈಆಕ್ಸೈಡ್ ಪಕ್ಕದಲ್ಲೇ ಕೆಂಡವಾಗಿರುವ ಕೋಕ್‌ನಿಂದ ಇನ್ನೊಂದು ಪಾಲು ಇಂಗಾಲ ಪಡೆದು ಕಾರ್ಬನ್ ಮಾನಾಕ್ಸೈಡ್ ಆಗುತ್ತದೆ. ಅದಿರಿನಿಂದ ಆಮ್ಲಜನಕ ಕಸಿಯುವ ಕೆಲಸದ ಬಹುಪಾಲು ಈ ಅನಿಲದ್ದು. ಎರಡು ಗಟ್ಟಿ ಕಲ್ಲುಗಳು ಪರಸ್ಪರ ತಾಗುವುದು ಅಲ್ಲೊಂದು ಇಲ್ಲೊಂದು ಬಿಂದುವಿನಲ್ಲಿ ಮಾತ್ರ. ಅನಿಲವಾದರೆ ಅದಿರಿನ ರಂಧ್ರಗಳೊಳಕ್ಕೆ ನುಸುಳುತ್ತದೆ. ಅದಿರು ಕೆಳಗಿಳಿಯಲು ಆರೆಂಟು ಗಂಟೆ ಬೇಕು, ಅನಿಲ ಮೇಲೇರಲು ಕೆಲವೇ ಸೆಕೆಂಡು ಸಾಕು. ಆ ಎದುರುಬದುರು ಪ್ರಯಾಣದಲ್ಲಿ ಕೆಂಪು ಆಕ್ಸೈಡ್ ಕಪ್ಪು ಆಕ್ಸೈಡಾಗಿ, ಅದು ಇನ್ನಷ್ಟು ಆಮ್ಲಜನಕ ಕಳೆದುಕೊಂಡು, ಕೊನೆಗೆ ಗಟ್ಟಿ ರೂಪದಲ್ಲೇ ಕಬ್ಬಿಣವಾಗುತ್ತದೆ. ಇನ್ನೂ ಕೆಳಗೆ ಬಂದಾಗ ಕೋಕ್‌ನಿಂದ ಶೇಕಡ 4ರಷ್ಟು ಇಂಗಾಲ ಹೀರಿಕೊಳ್ಳುತ್ತದೆ. ಶುದ್ಧ ಕಬ್ಬಿಣ ಕರಗಲು 1,538 ಡಿಗ್ರಿ ಬೇಕು. ಇಂಗಾಲ ಹೀರಿದ ಈ ಬೀಡು ಕಬ್ಬಿಣಕ್ಕೆ 1,200ರ ಒಳಗೇ ಸಾಕು. ನೀರಿನಂತೆ ಹರಿದು ತಳದಲ್ಲಿ ಸೇರುತ್ತದೆ.

ಪುಸ್ತಕದ ಕ್ರಿಯಾಶೀಲತೆಯ ಪಟ್ಟಿಯನ್ನು ಕಣ್ಣಾರೆ ನೋಡಬೇಕೆನ್ನುವವರು ಈ ತಳದಲ್ಲಿ ಸೇರಿದ ಎರಡು ದ್ರವಗಳನ್ನು ಪರೀಕ್ಷಿಸಬೇಕು. ಕೆಳಗೆ ಲೋಹ, ಅದರ ಮೇಲೆ ತೇಲುವ ಕಿಟ್ಟ. ಅದಿರಿನೊಂದಿಗೆ ಒಳಹೋದ ಪ್ರತಿಯೊಂದು ಧಾತುವೂ ತನ್ನ ತನ್ನ ಹಿಡಿತಕ್ಕೆ ತಕ್ಕಂತೆ ಎರಡರಲ್ಲಿ ಒಂದನ್ನು ಸೇರಿರುತ್ತದೆ. ಕಬ್ಬಿಣ ಹೆಚ್ಚುಕಡಿಮೆ ಪೂರ್ತಿ ಲೋಹಕ್ಕೆ ಬಂದಿರುತ್ತದೆ. ರಂಜಕವೂ ಹಾಗೆಯೇ, ಅದಕ್ಕಾಗಿಯೇ ರಂಜಕ ಹೆಚ್ಚಿರುವ ಅದಿರನ್ನು ಕಂಡರೆ ಕುಲುಮೆಯವರಿಗೆ ಆತಂಕ, ಊದುಕುಲುಮೆಯಲ್ಲಿ ಅದನ್ನು ಹೊರಗಿಡುವ ದಾರಿಯಿಲ್ಲ. ಮ್ಯಾಂಗನೀಸ್‌ನ ಒಂದು ದೊಡ್ಡ ಪಾಲು ಲೋಹಕ್ಕೆ, ಉಳಿದದ್ದು ಕಿಟ್ಟಕ್ಕೆ. ಸಿಲಿಕಾನ್‌ನ ಬಹುಭಾಗ ಕಿಟ್ಟದಲ್ಲಿ, ಸ್ವಲ್ಪ ಮಾತ್ರ ಲೋಹದಲ್ಲಿ. ಕ್ಯಾಲ್ಸಿಯಮ್, ಮೆಗ್ನೀಸಿಯಮ್, ಅಲ್ಯೂಮಿನಿಯಮ್ ತಮ್ಮ ಆಮ್ಲಜನಕವನ್ನು ಬಿಡದೆ ಪೂರ್ತಿಯಾಗಿ ಕಿಟ್ಟ ಸೇರುತ್ತವೆ. ಎಲ್ಲಿಂಗ್‌ಹ್ಯಾಮ್ ನಕ್ಷೆಯ ಗೆರೆಗಳೇ ಇಲ್ಲಿ ಎರಡು ದ್ರವಗಳಾಗಿ ಬೇರೆಯಾಗಿವೆ.

ಈ ಹಂಚಿಕೆ ಕುಲುಮೆಯ ನಾಡಿಯೂ ಹೌದು. ಸಿಲಿಕಾನ್‌ನ ಗೆರೆ ಕುಲುಮೆಯ ತಳದ ಉಷ್ಣತೆಯ ಅಂಚಿನಲ್ಲೇ ಇರುವುದರಿಂದ ಬಿಸಿ ತುಸು ಏರಿದರೂ ಹೆಚ್ಚು ಸಿಲಿಕಾನ್ ಲೋಹಕ್ಕೆ ಬರುತ್ತದೆ, ಇಳಿದರೆ ಕಡಿಮೆಯಾಗುತ್ತದೆ. ಲೋಹ ಹರಿಸಿದಾಗಲೆಲ್ಲ ಮಾದರಿ ತೆಗೆದು ಸಿಲಿಕಾನ್ ಎಷ್ಟಿದೆ ಎಂದು ಅಳೆದರೆ, ಯಾವ ಉಷ್ಣಮಾಪಕವೂ ತಲುಪದ ಒಡಲಿನ ಸ್ಥಿತಿ ತಿಳಿಯುತ್ತದೆ. ಒಂದರ ಹಿಂದೊಂದು ಹರಿವಿನಲ್ಲಿ ಸಿಲಿಕಾನ್ ಇಳಿಯುತ್ತಿದ್ದರೆ ಕುಲುಮೆ ತಣ್ಣಗಾಗುತ್ತಿದೆ ಎಂದರ್ಥ. ಆಗಲೂ ಸರಿಪಡಿಸದಿದ್ದರೆ ಮುಂದಿನ ಸೂಚನೆ ಬರಿಗಣ್ಣಿಗೇ ಕಾಣುತ್ತದೆ: ತಿಳಿಬಣ್ಣದ ಕಿಟ್ಟ ಕಪ್ಪಗಾಗುತ್ತದೆ. ಆಮ್ಲಜನಕ ಕಳೆದುಕೊಳ್ಳದ ಕಬ್ಬಿಣದ ಆಕ್ಸೈಡ್ ಕಿಟ್ಟದೊಂದಿಗೆ ಹರಿದುಹೋಗುತ್ತಿರುವುದರ ಗುರುತು ಅದು. ಇನ್ನೂ ತಡಮಾಡಿದರೆ ತಳ ಹೆಪ್ಪುಗಟ್ಟಿ ಲೋಹ ಹೊರಬರುವ ಬಾಯಿಯೇ ಮುಚ್ಚಿಹೋಗುತ್ತದೆ. ನಮ್ಮ ದೇಶದ ಅದಿರುಗಳಲ್ಲಿ ಅಲ್ಯೂಮಿನಾ ಜಾಸ್ತಿ. ಅದು ಬಿಡುಗಡೆಯಾಗದೆ ಕಿಟ್ಟದಲ್ಲೇ ಉಳಿದು ಅದನ್ನು ಅಂಟಾಗಿಸುವುದರಿಂದ, ಕಿಟ್ಟ ಸಲೀಸಾಗಿ ಹರಿಯಲೆಂದು ಡಾಲಮೈಟ್‌ನಂಥ ಮೆಗ್ನೀಸಿಯಮ್ ಇರುವ ಕಲ್ಲನ್ನೂ ಸೇರಿಸುತ್ತಾರೆ.

ಒಂದು ಟನ್ ಕಬ್ಬಿಣದಲ್ಲಿ ಅಂಟಿಕೊಂಡಿದ್ದ ಆಮ್ಲಜನಕ ಸುಮಾರು 430 ಕಿಲೋ. ಅದನ್ನು ಹೊರಹಾಕಲು ಆಧುನಿಕ ಕುಲುಮೆ ನಾನೂರರಿಂದ ಐನೂರು ಕಿಲೋ ಇಂಧನ ಇಂಗಾಲ ತಿನ್ನುತ್ತದೆ. ಈ ಇಂಗಾಲ ಎರಡು ಕೆಲಸ ಒಟ್ಟಿಗೆ ಮಾಡುತ್ತಿದೆ ಎಂಬುದನ್ನು ಗಮನಿಸಬೇಕು. ಒಂದು, ಉರಿದು ಬಿಸಿ ಕೊಡುವುದು. ಇನ್ನೊಂದು, ಅದಿರಿನ ಆಮ್ಲಜನಕವನ್ನು ಹೊತ್ತೊಯ್ಯುವುದು. ಎರಡನ್ನೂ ಬೇರೆ ಮಾಡಬಹುದು ಎಂಬುದಕ್ಕೆ ಭದ್ರಾವತಿಯೇ ಸಾಕ್ಷಿ. ಕೋಕ್ ಮಾಡುವ ಕಲ್ಲಿದ್ದಲು ಕರ್ನಾಟಕದಲ್ಲಿ ಇಲ್ಲದ್ದರಿಂದ 1923ರಲ್ಲಿ ಕೆಲಸ ಆರಂಭಿಸಿದ ಅಲ್ಲಿನ ಊದುಕುಲುಮೆ ಮಲೆನಾಡಿನ ಮರದ ಇದ್ದಿಲಿನಿಂದ ನಡೆಯಿತು. ಜೋಗದ ವಿದ್ಯುತ್ ಬಂದ ಮೇಲೆ 1950ರ ದಶಕದಲ್ಲಿ ಅಲ್ಲಿ ವಿದ್ಯುತ್ ಕುಲುಮೆಗಳು ಬಂದವು. ಹಾಗೆಂದು ಅದನ್ನು ವಿದ್ಯುದ್ವಿಭಜನೆ ಎಂದುಕೊಳ್ಳಬಾರದು. ಅಲ್ಲಿ ವಿದ್ಯುತ್ ಕೊಟ್ಟದ್ದು ಬಿಸಿಯನ್ನು ಮಾತ್ರ. ಆಮ್ಲಜನಕವನ್ನು ಹೊತ್ತೊಯ್ದದ್ದು ಆಗಲೂ ಇಂಗಾಲವೇ. ವಿದ್ಯುತ್ತಿಗೆ ಈ ಎರಡನೇ ಕೆಲಸವನ್ನೂ ವಹಿಸಿದಾಗ ಮಾತ್ರ ಅದು ವಿದ್ಯುದ್ವಿಭಜನೆ.

ಹಾಗಿದ್ದರೆ ಅಲ್ಯೂಮಿನಾವನ್ನೂ ವಿದ್ಯುತ್ ಕುಲುಮೆಯಲ್ಲಿ ಎರಡು ಸಾವಿರ ಡಿಗ್ರಿ ದಾಟಿಸಿ ಇಂಗಾಲದಿಂದಲೇ ಏಕೆ ತೆಗೆಯಬಾರದು? ವಿದ್ಯುತ್ ಚಾಪದಲ್ಲಿ ಅಷ್ಟು ಬಿಸಿ ಕಷ್ಟವಲ್ಲ. ದೊಡ್ಡ ಕಂಪನಿಗಳು ದಶಕಗಳ ಕಾಲ ಇದನ್ನು ಪ್ರಯತ್ನಿಸಿವೆ. ಗೆರೆ ದಾಟುವುದು ನಿಜ, ಆದರೆ ದಾಟಿದ ಮೇಲೆ ಅಲ್ಯೂಮಿನಿಯಮ್ ಸುಮ್ಮನೆ ಕೂರುವುದಿಲ್ಲ. ಬಿಡುಗಡೆಯಾದ ಲೋಹ ಅಲ್ಲೇ ಇರುವ ಇಂಗಾಲದೊಂದಿಗೆ ಕೂಡಿ ಹಳದಿ ಬಣ್ಣದ ಅಲ್ಯೂಮಿನಿಯಮ್ ಕಾರ್ಬೈಡ್ ಆಗುತ್ತದೆ. ಇನ್ನೊಂದು ಭಾಗ ಆವಿಯಾಗಿ, ತಣ್ಣನೆಯ ಕಡೆಗೆ ಹೋದಾಗ ಕಾರ್ಬನ್ ಮಾನಾಕ್ಸೈಡಿನಿಂದ ಆಮ್ಲಜನಕವನ್ನು ಮರಳಿ ಕಿತ್ತುಕೊಂಡು ಮತ್ತೆ ಅಲ್ಯೂಮಿನಾ ಆಗುತ್ತದೆ. ಬಿಸಿ ಇಳಿದ ಕೂಡಲೇ ಗೆರೆಗಳ ಕ್ರಮ ತಿರುಗಿಬೀಳುವುದರ ಫಲ ಇದು. ಲೋಹಕ್ಕಿಂತ ಹೆಚ್ಚಾಗಿ ಕಾರ್ಬೈಡು, ಆಕ್ಸೈಡುಗಳ ಕಲಬೆರಕೆಯೇ ಉಳಿಯುತ್ತದೆ. ಹತ್ತೊಂಬತ್ತನೇ ಶತಮಾನದ ಮಧ್ಯದಲ್ಲಿ ಫ್ರಾನ್ಸಿನ ಸೇಂಟ್ ಕ್ಲೇರ್ ಡೆವಿಲ್ ಹಿಡಿದ ದಾರಿ ಬೇರೆ. ಪಟ್ಟಿಯಲ್ಲಿ ಇನ್ನೂ ಮೇಲಿರುವ ಸೋಡಿಯಮ್‌ನಿಂದ ಅವರು ಅಲ್ಯೂಮಿನಿಯಮ್ ತೆಗೆದರು. ಲೋಹ ಬಂತು, ಆದರೆ ಸೋಡಿಯಮ್ಮೇ ದುಬಾರಿ, ಹಾಗಾಗಿ ಅಲ್ಯೂಮಿನಿಯಮ್ ಇನ್ನೂ ದುಬಾರಿ.

ವಿದ್ಯುತ್ತಿನಿಂದ ಬಿಡಿಸುವುದಕ್ಕೂ ಎರಡು ಅಡ್ಡಿಗಳಿದ್ದವು. ಅಲ್ಯೂಮಿನಿಯಮ್ ಲವಣವನ್ನು ನೀರಿನಲ್ಲಿ ಕರಗಿಸಿ ವಿದ್ಯುತ್ ಹರಿಸಿದರೆ ಅಲ್ಯೂಮಿನಿಯಮ್‌ಗಿಂತ ಸುಲಭವಾಗಿ ಬಿಡುಗಡೆಯಾಗುವ ಜಲಜನಕವೇ ಋಣಾಗ್ರದಲ್ಲಿ ಗುಳ್ಳೆಗಳಾಗಿ ಏಳುತ್ತದೆ. ನೀರಿಲ್ಲದೆ ಅಲ್ಯೂಮಿನಾವನ್ನೇ ಕರಗಿಸೋಣವೆಂದರೆ ಅದಕ್ಕೆ 2,072 ಡಿಗ್ರಿ ಬೇಕು. ಸೋಡಿಯಮ್, ಮೆಗ್ನೀಸಿಯಮ್‌ಗಳಲ್ಲಿ ಮಾಡುವಂತೆ ಕ್ಲೋರೈಡನ್ನು ಕರಗಿಸುವ ದಾರಿಯೂ ಇಲ್ಲಿ ನಡೆಯದು. ಅಲ್ಯೂಮಿನಿಯಮ್ ಕ್ಲೋರೈಡ್ ಸುಮಾರು 180 ಡಿಗ್ರಿಗೇ ಹೊಗೆಯಾಗಿ ಹಾರಿಹೋಗುತ್ತದೆ, ದ್ರವವಾಗಿಸಿದರೂ ವಿದ್ಯುತ್ ಹರಿಯುವುದಿಲ್ಲ. 1886ರ ಫೆಬ್ರವರಿ 23ರಂದು ಅಮೆರಿಕದ ಓಬರ್ಲಿನ್ ಊರಿನಲ್ಲಿ 22ರ ಹರೆಯದ ಚಾರ್ಲ್ಸ್ ಮಾರ್ಟಿನ್ ಹಾಲ್ ಕ್ರಯೋಲೈಟ್ ಎಂಬ ಸೋಡಿಯಮ್ ಅಲ್ಯೂಮಿನಿಯಮ್ ಫ್ಲೋರೈಡ್ ಖನಿಜವನ್ನು ಕರಗಿಸಿ, ಅದರೊಳಗೆ ಅಲ್ಯೂಮಿನಾವನ್ನು ಬೆರೆಸಿ, ವಿದ್ಯುತ್ ಹರಿಸಿ ಅಲ್ಯೂಮಿನಿಯಮ್ ಗುಂಡುಗಳನ್ನು ಪಡೆದ. ಅದೇ ವರ್ಷ ಫ್ರಾನ್ಸಿನಲ್ಲಿ ಅವನದೇ ವಯಸ್ಸಿನ ಪಾಲ್ ಹೆರೂ, ಹಾಲ್‌ನ ಸುದ್ದಿ ತಿಳಿಯದೆಯೇ, ಇದೇ ದಾರಿ ಕಂಡುಕೊಂಡ. ಇಬ್ಬರೂ 1863ರಲ್ಲಿ ಹುಟ್ಟಿ 1914ರಲ್ಲಿ ತೀರಿಕೊಂಡವರು.

ಅವರ ಉಪಾಯವೇ ಇಂದಿಗೂ ಜಗತ್ತಿನ ಅಲ್ಯೂಮಿನಿಯಮ್ಮನ್ನು ತಯಾರಿಸುತ್ತಿದೆ. ಇಂಗಾಲದ ಒಳಪದರವಿರುವ ಉಕ್ಕಿನ ತೊಟ್ಟಿ; ಅದನ್ನು ಕಾರ್ಖಾನೆಯವರು ಪಾಟ್ ಎನ್ನುತ್ತಾರೆ. ಒಳಗೆ 960 ಡಿಗ್ರಿಯ ಕ್ರಯೋಲೈಟ್ ದ್ರಾವಣ, ಅದರಲ್ಲಿ ಶೇಕಡ 2ರಿಂದ 5ರಷ್ಟು ಅಲ್ಯೂಮಿನಾ. ಮೇಲಿನಿಂದ ಇಳಿಬಿಟ್ಟ ದಪ್ಪ ಇಂಗಾಲದ ದಿಮ್ಮಿಗಳು ಧನಾಗ್ರ. ಬಿಡುಗಡೆಯಾದ ಅಲ್ಯೂಮಿನಿಯಮ್ ದ್ರಾವಣಕ್ಕಿಂತ ತುಸು ತೂಕದ್ದಾದ್ದರಿಂದ ತಳಕ್ಕಿಳಿದು, ಗಾಳಿಯಿಂದ ದೂರವಾಗಿ, ಕೊಳದಂತೆ ನಿಲ್ಲುತ್ತದೆ. ಅದೇ ಋಣಾಗ್ರವೂ ಆಗುತ್ತದೆ. ತೊಟ್ಟಿಗೆ ಹೊರಗಿನ ಬೆಂಕಿಯಿಲ್ಲ. ದಿಮ್ಮಿಗಳ ತಳಕ್ಕೂ ಲೋಹಕ್ಕೂ ನಡುವಿನ ನಾಲ್ಕೈದು ಸೆಂಟಿಮೀಟರ್ ದ್ರಾವಣದ ತಡೆಯನ್ನು ದಾಟುವಾಗ ವಿದ್ಯುತ್ತೇ ಅದನ್ನು ಬಿಸಿಯಾಗಿಡುತ್ತದೆ.

ಒಂದು ಟನ್‌ಗೆ ಎಷ್ಟು ವಿದ್ಯುತ್ ಬೇಕೆಂಬುದನ್ನು ಕಾಗದದ ಮೇಲೆಯೇ ಕಂಡುಹಿಡಿಯಬಹುದು. ಅಲ್ಯೂಮಿನಿಯಮ್‌ನ ಪ್ರತಿ ಪರಮಾಣುವಿಗೆ ಮೂರು ಇಲೆಕ್ಟ್ರಾನ್ ಕೊಡಬೇಕು. ಫ್ಯಾರಡೆ ನಿಯಮದ ಪ್ರಕಾರ ಒಂದು ಟನ್‌ಗೆ ಇದು ಸುಮಾರು 29.8 ಲಕ್ಷ ಆಂಪಿಯರ್-ಗಂಟೆ. ಮೂರು ಲಕ್ಷ ಆಂಪಿಯರ್ ಹರಿಯುವ ಪಾಟ್ ಒಂದು ದಿನದಲ್ಲಿ 72 ಲಕ್ಷ ಆಂಪಿಯರ್-ಗಂಟೆ ಕಳಿಸುತ್ತದೆ. ಅದರಲ್ಲಿ ಶೇಕಡ 94 ಕೆಲಸಕ್ಕೆ ಬಂದರೆ ದಿನಕ್ಕೆ ಎರಡೂಕಾಲು ಟನ್ ಲೋಹ. ಉಳಿದ ಶೇಕಡ 6 ಏನಾಯಿತು? ದ್ರಾವಣದಲ್ಲಿ ಬೆರೆತ ಸ್ವಲ್ಪ ಲೋಹ ಮೇಲೆ ಬಂದು ಅನಿಲದ ಗುಳ್ಳೆ ಸೋಕಿ ಮತ್ತೆ ಆಕ್ಸೈಡ್ ಆಯಿತು. ಪಾಟ್‌ನ ವೋಲ್ಟೇಜ್ ಸುಮಾರು 4.2. ಗುಣಿಸಿ, ಆ ಶೇಕಡ 6ರ ನಷ್ಟವನ್ನೂ ಸೇರಿಸಿದರೆ ಟನ್‌ಗೆ ಸುಮಾರು 13,300 ಯೂನಿಟ್ ವಿದ್ಯುತ್. ಇದೇ ಕಾರಣಕ್ಕೆ ಅಲ್ಯೂಮಿನಿಯಮ್ ಕಾರ್ಖಾನೆ ಅದಿರಿಗಿಂತ ಹೆಚ್ಚಾಗಿ ಅಗ್ಗದ ವಿದ್ಯುತ್ ಇರುವ ಕಡೆ ನೆಲೆಯೂರುತ್ತದೆ. ಬೆಳಗಾವಿಯಲ್ಲಿ ಒಂದು ಕಾಲಕ್ಕೆ ಅಲ್ಯೂಮಿನಿಯಮ್ ಪಾಟ್‌ಗಳೂ ಇದ್ದವು. ಅವು ನಿಂತುಹೋಗಿ, ಈಗ ಅಲ್ಲಿ ತಯಾರಾಗುವುದು ಅಲ್ಯೂಮಿನಾ.

ಪಾಟ್‌ಗೆ ಅಲ್ಯೂಮಿನಾವನ್ನು ಕೆಲವೇ ನಿಮಿಷಗಳಿಗೊಮ್ಮೆ ಸ್ವಲ್ಪಸ್ವಲ್ಪವಾಗಿ ಉಣಿಸಬೇಕು. ಹೆಚ್ಚಾದರೆ ಕರಗದೆ ತಳಕ್ಕಿಳಿದು ಲೋಹದ ಕೆಳಗೆ ಕೆಸರಾಗಿ ಕೂರುತ್ತದೆ, ವಿದ್ಯುತ್ತಿನ ದಾರಿಗೆ ಅಡ್ಡವಾಗುತ್ತದೆ. ಕಡಿಮೆಯಾದರೆ ಇನ್ನೂ ತೊಂದರೆ. ಅಲ್ಯೂಮಿನಾ ಶೇಕಡ ಎರಡಕ್ಕಿಂತ ಕೆಳಗಿಳಿದಾಗ ವಿದ್ಯುತ್ತಿಗೆ ಬಿಡಿಸಲು ಆಕ್ಸೈಡ್ ಸಾಲದೆ ಕ್ರಯೋಲೈಟ್‌ನ ಫ್ಲೋರಿನ್‌ಗೇ ಕೈ ಹಾಕುತ್ತದೆ. ಧನಾಗ್ರದ ತಳವನ್ನು ಅನಿಲದ ಪೊರೆ ಆವರಿಸುತ್ತದೆ, ನಾಲ್ಕು ವೋಲ್ಟ್ ಇದ್ದದ್ದು ಒಮ್ಮೆಗೇ ಇಪ್ಪತ್ತು ಮೂವತ್ತಕ್ಕೆ ನೆಗೆಯುತ್ತದೆ. ಹಳೆಯ ಕಾರ್ಖಾನೆಗಳಲ್ಲಿ ಪ್ರತಿ ಪಾಟ್‌ಗೆ ಒಂದು ಬಲ್ಬ್ ಜೋಡಿಸಿರುತ್ತಿದ್ದರು. ನಾಲ್ಕು ವೋಲ್ಟಿಗೆ ಅದು ಬೆಳಗುವುದಿಲ್ಲ, ಬೆಳಗಿದರೆ ಆ ಪಾಟ್ ಹಸಿದಿದೆ ಎಂದು ಸಾಲಿನ ಆ ತುದಿಯಿಂದಲೇ ತಿಳಿಯುತ್ತಿತ್ತು. ಕೆಲಸಗಾರರು ಓಡಿಬಂದು ಅಲ್ಯೂಮಿನಾ ಸುರಿದು, ಹಸಿ ಮರದ ಕಂಬವನ್ನು ದ್ರಾವಣದೊಳಕ್ಕೆ ಚುಚ್ಚುತ್ತಿದ್ದರು. ಮರದ ನೀರು ಆವಿಯಾಗಿ ಭೋರ್ಗರೆದು ಕಲಕಿದಾಗ ಅನಿಲದ ಪೊರೆ ಹರಿಯುತ್ತಿತ್ತು. ಈಗ ಪಾಟ್‌ನ ತಡೆ ಏರುತ್ತಿರುವುದನ್ನು ಕಂಪ್ಯೂಟರ್ ಮೊದಲೇ ಗುರುತಿಸಿ ಉಣಿಸುತ್ತದೆ. ಈ ಎಚ್ಚರಕ್ಕೆ ಇನ್ನೊಂದು ಕಾರಣವೂ ಇದೆ. ಆ ಹೊತ್ತಿನಲ್ಲಿ ಹುಟ್ಟುವ ಕಾರ್ಬನ್ ಫ್ಲೋರೈಡ್ ಅನಿಲಗಳು ವಾತಾವರಣದಲ್ಲಿ ಸಾವಿರಾರು ವರ್ಷ ಉಳಿದು ಭೂಮಿಯನ್ನು ಬಿಸಿ ಮಾಡುತ್ತವೆ.

ಮತ್ತೊಂದು ಭಯ ವಿದ್ಯುತ್ ಕಡಿತ. ಕೆಲವು ಗಂಟೆ ವಿದ್ಯುತ್ ನಿಂತರೆ ಪಾಟ್‌ನಲ್ಲಿರುವ ದ್ರಾವಣ, ಲೋಹ ಎಲ್ಲವೂ ಹೆಪ್ಪುಗಟ್ಟಿ ಒಂದೇ ಬಂಡೆಯಾಗುತ್ತದೆ. ಹೆಪ್ಪುಗಟ್ಟಿದ ಕ್ರಯೋಲೈಟ್‌ನಲ್ಲಿ ವಿದ್ಯುತ್ ಹರಿಯದಿರುವುದರಿಂದ ಮತ್ತೆ ಸ್ವಿಚ್ ಹಾಕಿದರೂ ಕರಗದು. ಒಡೆದು ತೆಗೆದು ಮೊದಲಿನಿಂದ ಕಟ್ಟಬೇಕು.

ಅದಿರಿನ ಶುದ್ಧತೆಯ ವಿಷಯದಲ್ಲೂ ಎರಡು ದಾರಿಗಳು ತೀರಾ ಬೇರೆ. ಊದುಕುಲುಮೆಗೆ ಕೊಳೆಯೊಂದಿಗೇ ಅದಿರು ಹಾಕಬಹುದು. ಹೆಚ್ಚಿನ ಕೊಳೆ ಕಬ್ಬಿಣಕ್ಕಿಂತ ಬಿಗಿಯಾಗಿ ಆಮ್ಲಜನಕ ಹಿಡಿದುಕೊಂಡು ಕಿಟ್ಟವಾಗಿ ತಾನೇ ಬೇರೆಯಾಗುತ್ತದೆ. ಪಾಟ್‌ನಲ್ಲಿ ಇದು ಸಾಧ್ಯವಿಲ್ಲ. ಬಾಕ್ಸೈಟ್‌ನಲ್ಲಿರುವ ಕಬ್ಬಿಣ, ಸಿಲಿಕಾನ್ ಎರಡೂ ಅಲ್ಯೂಮಿನಿಯಮ್‌ಗಿಂತ ಸಡಿಲ ಹಿಡಿತದವು. ವಿದ್ಯುತ್ ಹರಿಸಿದರೆ ಅವೇ ಮೊದಲು ಬಿಡುಗಡೆಯಾಗಿ ಲೋಹದಲ್ಲಿ ಬೆರೆಯುತ್ತವೆ, ಆಮೇಲೆ ತೆಗೆಯುವುದು ಬಲು ಕಷ್ಟ. ಅದಕ್ಕಾಗಿ ಕೊಳೆಯನ್ನು ಮುಂಚೆಯೇ ತೆಗೆದಿರಬೇಕು. ಹಾಲ್, ಹೆರೂ ಕಂಡುಹಿಡಿದ ಎರಡೇ ವರ್ಷದೊಳಗೆ ಕಾರ್ಲ್ ಬೇಯರ್ ಅದರ ದಾರಿ ತೋರಿಸಿದರು: ಬಿಸಿ ಕಾಸ್ಟಿಕ್ ಸೋಡಾದಲ್ಲಿ ಬಾಕ್ಸೈಟ್‌ನ ಅಲ್ಯೂಮಿನಾ ಮಾತ್ರ ಕರಗುತ್ತದೆ, ಕಬ್ಬಿಣದ ಆಕ್ಸೈಡ್ ಕೆಂಪು ಕೆಸರಾಗಿ ಉಳಿಯುತ್ತದೆ. ಸೋಸಿ, ತಣಿಸಿ, ಹರಳುಗಟ್ಟಿಸಿ, ಹುರಿದರೆ ಬಿಳಿ ಅಲ್ಯೂಮಿನಾ. ನಾಲ್ಕೈದು ಟನ್ ಬಾಕ್ಸೈಟ್‌ನಿಂದ ಎರಡು ಟನ್ ಅಲ್ಯೂಮಿನಾ, ಅದರಿಂದ ಒಂದು ಟನ್ ಲೋಹ.

ಇನ್ನು ಆ ಇಂಗಾಲದ ದಿಮ್ಮಿಗಳ ಮಾತು. ಇಂಗಾಲಕ್ಕೆ ಎಟುಕದ ಲೋಹವೆಂದು ವಿದ್ಯುತ್ತಿನ ಮೊರೆಹೋದ ಮೇಲೆ ಪಾಟ್‌ನಲ್ಲಿ ಇಂಗಾಲಕ್ಕೆ ಏನು ಕೆಲಸ? ದಿಮ್ಮಿಗಳು ವಿದ್ಯುತ್ ಒಯ್ಯುವ ಬರಿಯ ಕಂಬಿಗಳಲ್ಲ. ಬಿಡುಗಡೆಯಾದ ಆಮ್ಲಜನಕ ಅವನ್ನೇ ತಿಂದು ಕಾರ್ಬನ್ ಡೈಆಕ್ಸೈಡ್ ಆಗಿ ಹೊರಹೋಗುತ್ತದೆ. ಟನ್ ಲೋಹಕ್ಕೆ ನಾನೂರು ಕಿಲೋಗೂ ಹೆಚ್ಚು ಇಂಗಾಲ ಸವೆಯುತ್ತದೆ, ಮೂರ್ನಾಲ್ಕು ವಾರಕ್ಕೊಮ್ಮೆ ದಿಮ್ಮಿ ಬದಲಿಸಬೇಕು. ಇದನ್ನು ನಷ್ಟವೆಂದು ಮಾತ್ರ ಎಣಿಸಿದರೆ ಲೆಕ್ಕ ತಪ್ಪುತ್ತದೆ. ಅಲ್ಯೂಮಿನಾವನ್ನು ವಿದ್ಯುತ್ತೊಂದರಿಂದಲೇ ಲೋಹ ಮತ್ತು ಆಮ್ಲಜನಕವಾಗಿ ಸೀಳಲು ಕನಿಷ್ಠ 2.2 ವೋಲ್ಟ್ ಬೇಕು. ಇಂಗಾಲ ಎದುರು ನಿಂತು ಆಮ್ಲಜನಕವನ್ನು ಎಳೆದುಕೊಂಡರೆ 1.2 ವೋಲ್ಟ್ ಸಾಕು. ಹಗ್ಗ ಜಗ್ಗುವ ಆಟದಲ್ಲಿ ಒಬ್ಬನಿಗೇ ಆಗದ್ದನ್ನು ಇಬ್ಬರು ಸೇರಿ ಎಳೆದಂತೆ, ಇಲ್ಲಿ ಬೇಕಾದ ಬಲದ ಹತ್ತಿರಹತ್ತಿರ ಅರ್ಧವನ್ನು ಇಂಗಾಲವೇ ಕೊಡುತ್ತಿದೆ. ಪುಸ್ತಕದಲ್ಲಿ ಎರಡು ಬೇರೆ ಬೇರೆ ಮನೆಗಳಲ್ಲಿ ಬರೆದಿರುವ ಇಂಗಾಲ ಮತ್ತು ವಿದ್ಯುತ್ ಇಲ್ಲಿ ಒಂದೇ ತೊಟ್ಟಿಯಲ್ಲಿ ಜೊತೆಯಾಗಿ ದುಡಿಯುತ್ತಿವೆ.

ಅದರ ಬೆಲೆ ಟನ್‌ಗೆ ಸುಮಾರು ಒಂದೂವರೆ ಟನ್ ಕಾರ್ಬನ್ ಡೈಆಕ್ಸೈಡ್, ವಿದ್ಯುತ್ ಎಲ್ಲಿಂದ ಬಂದರೂ ತಪ್ಪದ್ದು. ಸವೆಯದ ಧನಾಗ್ರ ಸಿಕ್ಕರೆ ಪಾಟ್‌ನಿಂದ ಶುದ್ಧ ಆಮ್ಲಜನಕವೇ ಹೊರಬರುತ್ತದೆ. 2018ರಲ್ಲಿ ಆಲ್ಕೋವಾ ಮತ್ತು ರಿಯೋ ಟಿಂಟೋ ಕಂಪನಿಗಳು ಇದಕ್ಕಾಗಿಯೇ ಎಲಿಸಿಸ್ ಎಂಬ ಜಂಟಿ ಸಂಸ್ಥೆ ಕಟ್ಟಿದವು. ಕಷ್ಟವಿರುವುದು ಆ ಧನಾಗ್ರಕ್ಕೆ ವಸ್ತು ಹುಡುಕುವುದರಲ್ಲಿ. ಕ್ರಯೋಲೈಟ್ ಆಕ್ಸೈಡುಗಳನ್ನೆಲ್ಲ ಕರಗಿಸುವ ದ್ರವ, ಅದಕ್ಕಾಗಿಯೇ ಹಾಲ್ ಅದನ್ನು ಆರಿಸಿಕೊಂಡದ್ದು. 960 ಡಿಗ್ರಿಯ ಅದೇ ದ್ರವದಲ್ಲಿ, ಬುಗ್ಗೆಯಾಗಿ ಏಳುವ ಆಮ್ಲಜನಕದ ನಡುವೆ, ಧನಾಗ್ರ ಕರಗದೆಯೂ ಸುಡದೆಯೂ ವಿದ್ಯುತ್ ಒಯ್ಯುತ್ತ ವರ್ಷಗಟ್ಟಲೆ ನಿಲ್ಲಬೇಕು. ತುಸುವೇ ಕರಗಿದರೂ ಅದರೊಳಗಿನ ತಾಮ್ರವೋ ನಿಕ್ಕಲ್ಲೋ ಅಲ್ಯೂಮಿನಿಯಮ್‌ಗಿಂತ ಮೊದಲು ಬಿಡುಗಡೆಯಾಗಿ ಲೋಹವನ್ನು ಕೆಡಿಸುತ್ತದೆ. ಅದನ್ನೂ ಗೆದ್ದರೆ, ಇಂಗಾಲ ಬಿಟ್ಟುಹೋದ ಒಂದು ವೋಲ್ಟಿನ ಪಾಲನ್ನು ವಿದ್ಯುತ್ತೇ ತುಂಬಬೇಕು, 29.8 ಲಕ್ಷ ಆಂಪಿಯರ್-ಗಂಟೆಯ ಮೇಲೆ ಅದು ಪ್ರತಿ ಟನ್‌ಗೆ ಸುಮಾರು 3,000 ಯೂನಿಟ್. ಧನಾಗ್ರವನ್ನು ಲೋಹಕ್ಕೆ ಇನ್ನಷ್ಟು ಹತ್ತಿರ ತಂದು, ತೊಟ್ಟಿಯ ಶಾಖ ಸೋರದಂತೆ ಕಟ್ಟಿ ಆ 3,000 ಯೂನಿಟ್‌ನಲ್ಲಿ ಎಷ್ಟನ್ನು ಮರಳಿ ಉಳಿಸಬಹುದು ಎಂಬುದರ ಮೇಲೆ ಈಗಿನ ವಿನ್ಯಾಸಗಾರರ ಕೆಲಸ ನಡೆದಿದೆ.